ಶಿಫ್ಟ್ ಶುರುವಲ್ಲೇ ಟಾಸ್ಕ್ ಪ್ಲಾಟ್‌ಫಾರ್ಮ್ ಡೌನ್ ಆದ್ರೆ ಟಿಎಲ್‌ಗೆ ಏನಂತ ಮೆಸೇಜ್ ಹಾಕ್ಬೇಕು

ಪ್ರಶ್ನೆ: ನಾನು ಶಿವಮೊಗ್ಗದಿಂದ ವರ್ಕ್ ಫ್ರಮ್ ಹೋಮ್ ಮಾಡ್ತೀನಿ, ಡೇಟಾ ಅನೋಟೇಶನ್ ಪ್ರಾಜೆಕ್ಟ್, ಶಿಫ್ಟ್ ಬೆಳಿಗ್ಗೆ 6ಕ್ಕೆ. ಹೋದ ವಾರ ಒಂದಿನ ಪ್ಲಾಟ್‌ಫಾರ್ಮ್ ಓಪನ್ನೇ ಆಗ್ಲಿಲ್ಲ. ನನ್ನ ನೆಟ್ಟೇ ಸರಿ ಇಲ್ವೇನೋ ಅಂತ ಮುಕ್ಕಾಲು ಗಂಟೆ ಒದ್ದಾಡಿ, ಆಮೇಲೆ ಟಿಎಲ್ ಮೇಡಂಗೆ "ಪ್ಲಾಟ್‌ಫಾರ್ಮ್ ವರ್ಕ್ ಆಗ್ತಿಲ್ಲ" ಅಂತ ಹಾಕ್ದೆ. ಆ ಮುಕ್ಕಾಲು ಗಂಟೆ ನನ್ನ ಅವರ್ಸಲ್ಲಿ ಕಟ್ ಆಯ್ತು. ಇನ್ಮೇಲೆ ಹೀಗಾದ್ರೆ ಯಾವಾಗ, ಏನು, ಎಷ್ಟು ಬರೀಬೇಕು?

ಉತ್ತರ:

ಮೊದ್ಲು ಮೆಸೇಜ್ ಹಾಕಿ, ಚೆಕ್ ಮಾಡೋದು ಆಮೇಲೆ. ಕಾರಣ ಗೊತ್ತಾದ್ಮೇಲೆ ಹೇಳೋಣ ಅಂತ ಕಾಯೋದೇ ಎಲ್ಲರನ್ನೂ ಸಿಕ್ಕಿಹಾಕ್ಸೋದು. ಶಿಫ್ಟ್ ಶುರುವಾಗಿ ಐದು ನಿಮಿಷದೊಳಗೆ ಒಂದು ಚಿಕ್ಕ ಮೆಸೇಜ್ ಹೋಗಿರ್ಬೇಕು, ಅದ್ರಲ್ಲಿ ಕಾರಣ ಇರ್ಬೇಕಾಗಿಲ್ಲ, ಎಷ್ಟು ಗಂಟೆಗೆ ಏನು ಕಾಣಿಸ್ತು ಅಂತ ಇದ್ರೆ ಸಾಕು.

ಯಾಕೆ ಅಂತ ಹೇಳ್ತೀನಿ, ಯಾಕಂದ್ರೆ ನಾನು ಟಿಎಲ್ ಆಗಿ, ಆಮೇಲೆ ಶಿಫ್ಟ್ ರೋಸ್ಟರ್ ಮತ್ತೆ ಅವರ್ಸ್ ನೋಡ್ಕೊಳ್ಳೋ ಟೀಮಲ್ಲಿ ಕೆಲಸ ಮಾಡಿದೋನು, ಈ ಕಟ್ ಆಗೋದು ಎಲ್ಲಿ ಅಂತ ಆ ಕಡೆಯಿಂದ ನೋಡಿದೀನಿ. ಮಾಮೂಲಿ ದಿನ ನೀವು ಕೆಲಸಕ್ಕೆ ಕೂತಿದ್ರಿ ಅನ್ನೋದಕ್ಕೆ ಪ್ಲಾಟ್‌ಫಾರ್ಮೇ ಸಾಕ್ಷಿ. ಲಾಗಿನ್ ಆದ ಟೈಮು, ಟಾಸ್ಕ್ ತೆಗೆದ ಟೈಮು, ಸಬ್ಮಿಟ್ ಮಾಡಿದ ಟೈಮು ಎಲ್ಲಾ ಅದ್ರಲ್ಲೇ ದಾಖಲಾಗತ್ತೆ. ಅದೇ ಬಿದ್ದೋದ ದಿನ ನೀವು ಆರು ಗಂಟೆಗೆ ಕುರ್ಚಿ ಮೇಲೆ ಕೂತಿದ್ರೂ, ಹಾಸಿಗೆ ಮೇಲೆ ಮಲಗಿದ್ರೂ ರಿಪೋರ್ಟಲ್ಲಿ ಕಾಣೋದು ಒಂದೇ, ಖಾಲಿ ಜಾಗ. ಮಾರನೇ ದಿನ ಅವರ್ಸ್ ನೋಡೋರು ನಿಮ್ಮ ರೋಸ್ಟರ್ ಟೈಮನ್ನೂ ಪ್ಲಾಟ್‌ಫಾರ್ಮಿನ ಟೈಮನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ, ಗ್ಯಾಪ್ ಇದ್ರೆ ಅದಕ್ಕೆ ಒಂದು ಕಾರಣ ಹಾಕ್ಬೇಕು, ಆ ಕಾರಣ ಎಷ್ಟು ಗಂಟೆಯಿಂದ ಶುರು ಅಂತ ಹಾಕೋಕೆ ಅವರ ಹತ್ರ ಇರೋ ಆಧಾರ ಯಾವ್ದು? ಟಿಕೆಟ್ ರೈಸ್ ಆದ ಟೈಮು, ಇಲ್ಲಾ ಟೀಮಲ್ಲಿ ಯಾರಾದ್ರೂ ಮೊದಲು ಹೇಳಿದ ಮೆಸೇಜಿನ ಟೈಮು. ನೀವು 6:45ಕ್ಕೆ ಹೇಳಿದ್ರೆ, ಬೇರೆ ಯಾರೂ ಅದಕ್ಕೂ ಮುಂಚೆ ಹೇಳಿಲ್ದಿದ್ರೆ, ಅವರ ಲೆಕ್ಕದಲ್ಲಿ ತೊಂದ್ರೆ ಶುರುವಾಗಿದ್ದೇ 6:45ಕ್ಕೆ. ಮೇಡಂ ಬೇಕಂತ ಕಟ್ ಮಾಡಿರೋದು ಕಮ್ಮಿ, ಅವರಿಗೆ ತೋರಿಸೋಕೆ ಏನೂ ಇರ್ಲಿಲ್ಲ ಅಷ್ಟೆ.

ಇನ್ನೊಂದು ವಿಷಯ ನಿಮ್ಮ 6 ಗಂಟೆ ಶಿಫ್ಟಿಗೇ ಸಂಬಂಧಪಟ್ಟಿದ್ದು. ಕ್ಲೈಂಟ್ ಅಮೆರಿಕದ ಪಶ್ಚಿಮ ಕರಾವಳಿಯವರಾಗಿದ್ರೆ (ಅನೋಟೇಶನ್ ಪ್ರಾಜೆಕ್ಟುಗಳಲ್ಲಿ ಇದು ತುಂಬಾ ಮಾಮೂಲಿ) ನಮಗೆ ಬೆಳಿಗ್ಗೆ 6 ಅಂದ್ರೆ ಅಲ್ಲಿ ಹಿಂದಿನ ದಿನದ ಸಂಜೆ, ಬೇಸಿಗೆಯಲ್ಲಿ 5:30, ಚಳಿಗಾಲದಲ್ಲಿ 4:30. ಪ್ಲಾಟ್‌ಫಾರ್ಮ್ ರಿಪೇರಿ ಮಾಡ್ಬೇಕಾದ ಇಂಜಿನಿಯರ್ ಬ್ಯಾಗ್ ಹೆಗಲಿಗೆ ಹಾಕ್ಕೊಳ್ಳೋ ಹೊತ್ತದು. ನಿಮ್ಮ ಮೆಸೇಜ್ 6:05ಕ್ಕೆ ಬಂದು ಟಿಎಲ್ 6:10ಕ್ಕೆ ಆ ಕಡೆಗೆ ದಾಟಿಸಿದ್ರೆ ಅವರು ಇನ್ನೂ ಸೀಟಲ್ಲಿರ್ತಾರೆ. 7 ದಾಟಿದ್ಮೇಲೆ ಹೇಳಿದ್ರೆ ಆನ್‌ಕಾಲ್ ಇರೋರನ್ನ ಮನೆಯಿಂದ ಹಿಡ್ಕೊಂಡು ಬರ್ಬೇಕು, ಅಲ್ಲಿಗೆ ಇಡೀ ಟೀಮಿನ ಬೆಳಗ್ಗೆ ಹೋಯ್ತು ಅಂತಾನೇ ಲೆಕ್ಕ.

ಸರಿ, ಮೊದಲನೇ ಮೆಸೇಜ್ ಹೇಗಿರ್ಬೇಕು ನೋಡಿ:

"ಮೇಡಂ, 6:01ಕ್ಕೆ ಟಾಸ್ಕ್ ಪ್ಲಾಟ್‌ಫಾರ್ಮ್ ಓಪನ್ ಮಾಡ್ದೆ, ಲಾಗಿನ್ ಪೇಜೇ ಬರ್ತಿಲ್ಲ, ಸ್ಕ್ರೀನ್ ಮೇಲೆ `502 Bad Gateway` ಅಂತ ಬರ್ತಿದೆ. ಇನ್ನೂ ಒಂದೂ ಟಾಸ್ಕ್ ತಗೊಳ್ಳೋಕಾಗಿಲ್ಲ. ನಾನು ಸಿಸ್ಟಮ್ ಮುಂದೆನೇ ಇದೀನಿ, ನನ್ನ ಕಡೆ ನೆಟ್, ವಿಪಿಎನ್ ಚೆಕ್ ಮಾಡಿ ಐದು ನಿಮಿಷದಲ್ಲಿ ಹೇಳ್ತೀನಿ."

ಇಷ್ಟೇ. ಇದ್ರಲ್ಲಿ "ಡೌನ್" ಅನ್ನೋ ಪದಾನೇ ಇಲ್ಲ ನೋಡಿ, ಬೇಕಂತಲೇ ಬಿಟ್ಟಿದೀನಿ. ಆ ಹೊತ್ತಿಗೆ ನಿಮಗೆ ಗೊತ್ತಿರೋದು ನಿಮ್ಮ ಸ್ಕ್ರೀನ್ ಒಂದೇ, ಪ್ಲಾಟ್‌ಫಾರ್ಮ್ ಎಲ್ಲರಿಗೂ ಬಿದ್ದಿದ್ಯೋ ನಿಮಗೊಬ್ಬರಿಗೋ ಗೊತ್ತಿಲ್ಲ. ಕಂಡಿದ್ದನ್ನ ಕಂಡ ಹಾಗೆ ಬರೆದ್ರೆ ಆಮೇಲೆ ತಪ್ಪು ಅಂತ ಆಗೋ ಚಾನ್ಸೇ ಇರಲ್ಲ. "ಡೌನ್ ಆಗಿದೆ" ಅಂತ ಬರೆದು ಆಮೇಲೆ ನಿಮ್ಮ ವಿಪಿಎನ್ ಕಟ್ ಆಗಿತ್ತು ಅಂತ ಗೊತ್ತಾದ್ರೆ, ಮುಂದಿನ ಸಲ ನಿಜವಾಗ್ಲೂ ಡೌನ್ ಆದಾಗ ಮೇಡಂ ಇನ್ನೊಬ್ಬರು ಹೇಳೋವರೆಗೂ ಕಾಯ್ತಾರೆ.

ಒಂದು ಅಭ್ಯಾಸ ದಯವಿಟ್ಟು ಬಿಟ್ಬಿಡಿ, ನಮ್ಮಲ್ಲಿ ತುಂಬಾ ಜನ ಮರ್ಯಾದೆಗೆ ಅಂತ ಮೊದಲು "ಗುಡ್ ಮಾರ್ನಿಂಗ್ ಮೇಡಂ" ಅಂತ ಹಾಕಿ ಅವರು ರಿಪ್ಲೈ ಮಾಡ್ಲಿ ಅಂತ ಕಾಯ್ತಾ ಕೂರ್ತಾರೆ, ಹತ್ತು ನಿಮಿಷ ಆದ್ಮೇಲೆ "ಮೇಡಂ ಒಂದು ಪ್ರಾಬ್ಲಂ ಇದೆ", ಆಮೇಲೆ "ಫ್ರೀ ಇದೀರಾ?". ಅಷ್ಟು ಹೊತ್ತಿಗೆ ಆ ಕಡೆ ಮೇಡಂ ಇಪ್ಪತ್ತು ಚಾಟ್ ತೆರೆದು ಕೂತಿರ್ತಾರೆ, ಯಾವುದ್ರಲ್ಲಿ ಏನಿದೆ ಅಂತ ನೋಟಿಫಿಕೇಶನ್ನಲ್ಲಿ ಕಾಣಲ್ಲ. ಗುಡ್ ಮಾರ್ನಿಂಗ್ ಹೇಳಿ, ತಪ್ಪಿಲ್ಲ, ಆದ್ರೆ ಅದೇ ಮೆಸೇಜಲ್ಲಿ ವಿಷಯಾನೂ ಇರ್ಲಿ, ಮೊದಲನೇ ಸಾಲಲ್ಲೇ ಇರ್ಲಿ. ಗ್ರೂಪಲ್ಲಿ ಆಗ್ಲೇ ಯಾರೋ ಇದೇ ವಿಷಯ ಹಾಕಿದ್ರೆ ಹೊಸದಾಗಿ ಶುರು ಮಾಡ್ಬೇಡಿ, ಅದ್ರ ಕೆಳಗೇ ರಿಪ್ಲೈ ಮಾಡಿ, ಬರೀ "ನಂಗೂ ಸೇಮ್" ಅನ್ನೋ ಬದ್ಲು "ನಂಗೂ 6:02ರಿಂದ, ಶಿವಮೊಗ್ಗ, ಮನೆ ನೆಟ್, ಅದೇ 502" ಅಂತ ಹಾಕಿ. ಬೇರೆ ಬೇರೆ ಊರು, ಬೇರೆ ಬೇರೆ ನೆಟ್ಟಿನೋರಿಗೂ ಒಂದೇ ಎರರ್ ಅಂದ್ರೆ ತೊಂದ್ರೆ ಪ್ಲಾಟ್‌ಫಾರ್ಮ್ ಕಡೆದೇ ಅಂತ ಟಿಎಲ್ ಧೈರ್ಯವಾಗಿ ಮುಂದಕ್ಕೆ ಹೇಳ್ಬಹುದು.

ಈಗ ಆ ಐದು ನಿಮಿಷದ ಚೆಕ್. ಇದ್ರಲ್ಲಿ ಮುಖ್ಯ ಏನಂದ್ರೆ ಸ್ಕ್ರೀನ್ ಮೇಲೆ ಬಂದಿರೋ ಅಕ್ಷರಾನೇ ಮುಕ್ಕಾಲು ಪಾಲು ಉತ್ತರ ಹೇಳ್ಬಿಡತ್ತೆ, ಆದ್ರೆ ಎಲ್ಲರೂ ಅದನ್ನ ಓದ್ದೇ F5 ಒತ್ತುತಾರೆ. `DNS_PROBE_FINISHED_NO_INTERNET` ಅಥವಾ `ERR_INTERNET_DISCONNECTED` ಅಂತ ಬಂದ್ರೆ ಅದು ನಿಮ್ಮ ನೆಟ್ಟೇ, ರೌಟರ್ ನೋಡಿ. `DNS_PROBE_FINISHED_NXDOMAIN` ಅಂದ್ರೆ ನೆಟ್ ಇದೆ ಆದ್ರೆ ಆ ಹೆಸರಿನ ಸೈಟ್ ನಿಮ್ಮ ಸಿಸ್ಟಮ್ಮಿಗೆ ಸಿಗ್ತಿಲ್ಲ. ಕಂಪನಿ ಒಳಗಿನ ಸೈಟ್ ಆಗಿದ್ರೆ ಹತ್ತಕ್ಕೆ ಒಂಬತ್ತು ಸಲ ವಿಪಿಎನ್ ಕನೆಕ್ಟ್ ಆಗಿರಲ್ಲ. `403 Forbidden` ಬಂದ್ರೆ ಸರ್ವರ್ ಬದುಕಿದೆ, ನಿಮ್ಮನ್ನ ಒಳಗೆ ಬಿಡ್ತಿಲ್ಲ ಅಷ್ಟೆ, ವಿಪಿಎನ್ ಇಲ್ಲ ಅಥವಾ ಅಕೌಂಟಿನ ಪರ್ಮಿಷನ್ ತೆಗೆದಿದ್ದಾರೆ, ಇದನ್ನ ಡೌನ್ ಅನ್ನೋ ಹಾಗಿಲ್ಲ. `502`, `503`, `504` ಈ ಮೂರರಲ್ಲಿ ಯಾವ್ದು ಬಂದ್ರೂ ನಿಮ್ಮ ಬ್ರೌಸರ್ ಆ ಕಡೆ ತನಕ ಹೋಗಿ ಮುಟ್ಟಿದೆ, ಅಲ್ಲಿ ಒಳಗೆ ಏನೋ ಕೆಟ್ಟಿದೆ ಅಂತ ಅರ್ಥ. 503 ಮಾತ್ರ ಮೊದಲೇ ಹೇಳಿದ ಮೇಂಟೆನೆನ್ಸ್ ಇದ್ದಾಗಲೂ ಬರಬಹುದು, ಹಾಗಾಗಿ ಮೇಲ್‌ಬಾಕ್ಸಲ್ಲಿ ಮೇಂಟೆನೆನ್ಸ್ ನೋಟಿಸ್ ಏನಾದ್ರೂ ಬಂದಿತ್ತಾ ಅಂತ ಒಂದ್ಸಲ ಹುಡುಕಿ. ಆ ನೋಟಿಸಲ್ಲಿ ಟೈಮ್ ಅವರ ಲೆಕ್ಕದಲ್ಲಿ ಇರತ್ತೆ, ಶನಿವಾರ ರಾತ್ರಿ 11 ಪೆಸಿಫಿಕ್ ಅಂತ ಇದ್ರೆ ನಮಗದು ಭಾನುವಾರ ಬೆಳಿಗ್ಗೆ 11:30, ಚಳಿಗಾಲದಲ್ಲಾದ್ರೆ ಮಧ್ಯಾಹ್ನ 12:30.

ನಮಗೂ ಸೈಟಿಗೂ ಮಧ್ಯ ನಿಲ್ಲೋ ಕ್ಲೌಡ್‌ಫ್ಲೇರ್ ಅನ್ನೋ ಸರ್ವೀಸಿನ ಹಿಂದೆ ಇರೋ ಸೈಟಾದ್ರೆ ಎರರ್ ಪೇಜ್ ಇನ್ನೂ ಸಲೀಸು. ಅದ್ರಲ್ಲಿ ಸಾಲಾಗಿ ಮೂರು ಚಿತ್ರ ಇರತ್ತೆ, ಮೊದಲನೇದು ನಿಮ್ಮ ಬ್ರೌಸರ್, ಮಧ್ಯದ್ದು ಕ್ಲೌಡ್‌ಫ್ಲೇರ್, ಕೊನೇದು ಸೈಟಿನ ಸರ್ವರ್, ಯಾವುದ್ರ ಕೆಳಗೆ `Error` ಅಂತಿದ್ಯೋ ಅಲ್ಲಿ ಕೆಟ್ಟಿದೆ. ಸಾಮಾನ್ಯವಾಗಿ ಕೊನೇದಕ್ಕೇ ಕೆಂಪು ಗುರುತು ಬಿದ್ದಿರತ್ತೆ. 2025ರ ನವೆಂಬರ್ 18ರಂದು ಮಾತ್ರ ಮಧ್ಯದ್ದಕ್ಕೇ ಬಿದ್ದಿತ್ತು, ಅವತ್ತು ಕ್ಲೌಡ್‌ಫ್ಲೇರೇ ಕೆಟ್ಟಿದ್ದು, ಶುರುವಾಗಿದ್ದು ನಮ್ಮ ಟೈಮಲ್ಲಿ ಸಂಜೆ 4:50ರ ಹೊತ್ತಿಗೆ, ಸೆಕೆಂಡ್ ಶಿಫ್ಟ್ ಮಧ್ಯದಲ್ಲಿ. ಯಾವ ಸೈಟ್ ಬಿದ್ದಿದೆ ಅಂತ ನೋಡೋಕೆ ಜನ ಹೋಗೋ ಡೌನ್‌ಡಿಟೆಕ್ಟರ್ ಕೂಡ ಅವತ್ತು ಸರಿಯಾಗಿ ತೆರೀತಿರ್ಲಿಲ್ಲ. ಅಂಥ ದಿನ ಆ ಪೇಜಿನ ಕೆಳಗಿರೋ `Ray ID` ಅನ್ನೋ ಅಕ್ಷರ-ಅಂಕಿ ಸಾಲನ್ನ ಕಾಪಿ ಮಾಡಿ ಮೆಸೇಜಲ್ಲಿ ಹಾಕಿದ್ರೆ ಟಿಎಲ್ ಮುಂದಕ್ಕೆ ಕಳಿಸ್ಬಹುದು. ಮೈಕ್ರೋಸಾಫ್ಟ್ ಲಾಗಿನ್ ಪೇಜಲ್ಲಿ ಸಿಕ್ಕಿಹಾಕ್ಕೊಂಡ್ರೆ ಅಲ್ಲೂ ಹಾಗೇ `Correlation ID`, `Timestamp` ಅಂತ ಇರತ್ತೆ. ಈ ಪೇಜುಗಳಲ್ಲಿರೋ ಟೈಮ್ ಯುಟಿಸಿಯಲ್ಲಿರತ್ತೆ, ನಮ್ಮ ಟೈಮಿಗಿಂತ ಐದೂವರೆ ಗಂಟೆ ಹಿಂದೆ. ಅಂದ್ರೆ ನಮ್ಮ 6:01 ಅಲ್ಲಿ 00:31 ಆಗಿರತ್ತೆ, ಗಾಬರಿಯಾಗ್ಬೇಡಿ. ಬೆಳಗಿನ 5:30ಕ್ಕಿಂತ ಮುಂಚೆ ಶಿಫ್ಟ್ ಶುರುವಾಗೋರಿಗಂತೂ ತಾರೀಕೇ ಹಿಂದಿನ ದಿನದ್ದು ತೋರಿಸತ್ತೆ. ಅದಕ್ಕೇ ಮೆಸೇಜಲ್ಲಿ ಟೈಮ್ ಬರೆಯೋವಾಗ "6:01 ಐಎಸ್‌ಟಿ" ಅಂತ ಹಾಕೋ ಅಭ್ಯಾಸ ಇಟ್ಕೊಳ್ಳಿ, ಈ ಮೂರಕ್ಷರ ಇಲ್ದೇ ಆ ಕಡೆಯೋರು ತಪ್ಪು ಗಂಟೆಯ ಲಾಗ್ ಹುಡುಕಿ "ನಮಗೇನೂ ಕಾಣ್ತಿಲ್ಲ" ಅಂತ ಟಿಕೆಟ್ ಕ್ಲೋಸ್ ಮಾಡ್ಬಿಡ್ತಾರೆ.

ಓದಿ ಆದ್ಮೇಲೆ ಮಾಡಿ ನೋಡ್ಬೇಕಾಗಿರೋದು ಮೂರೇ ಕೆಲಸ, ಹತ್ತಿರದಿಂದ ದೂರಕ್ಕೆ. ಬೇರೆ ಯಾವ್ದಾದ್ರೂ ಸೈಟ್ ಓಪನ್ ಮಾಡಿ, ಅದು ಬಂದ್ರೆ ನೆಟ್ ಸರಿ ಇದೆ. ಆಮೇಲೆ ಪ್ಲಾಟ್‌ಫಾರ್ಮನ್ನ ಇನ್‌ಕಾಗ್ನಿಟೋ ವಿಂಡೋದಲ್ಲಿ ತೆರೀರಿ, ಅಲ್ಲಿ ಓಪನ್ ಆದ್ರೆ ತೊಂದ್ರೆ ನಿಮ್ಮ ಬ್ರೌಸರಲ್ಲೇ, ಸಾಮಾನ್ಯವಾಗಿ ಹಳೇ ಕುಕೀಸಲ್ಲಿದೆ. ಆಮೇಲೆ ವಿಪಿಎನ್ ಒಂದ್ಸಲ ಡಿಸ್ಕನೆಕ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡಿ. ಕಮಾಂಡ್ ಪ್ರಾಂಪ್ಟ್ ತೆರೆಯೋಕೆ ಕಂಪನಿ ಲ್ಯಾಪ್‌ಟಾಪಲ್ಲಿ ಪರ್ಮಿಷನ್ ಇದ್ರೆ ಇದೊಂದು ಸಾಲೂ ಹೊಡೀಬಹುದು, ಹೆಸರಿನ ಜಾಗದಲ್ಲಿ ನಿಮ್ಮ ಪ್ಲಾಟ್‌ಫಾರ್ಮಿನ ಅಡ್ರೆಸ್ಸನ್ನ ಮುಂದಿನ `https://` ಬಿಟ್ಟು, ಬರೀ ಸೈಟಿನ ಹೆಸರಷ್ಟೇ ಹಾಕಿ:

```
nslookup tasks.example.com
```

ಉತ್ತರದಲ್ಲಿ ಐಪಿ ನಂಬರ್ ಬಂದ್ರೆ ಹೆಸರು ಸಿಗ್ತಿದೆ ಅಂತ, `Non-existent domain` ಅಂತ ಬಂದ್ರೆ ಸಿಗ್ತಿಲ್ಲ ಅಂತ. ಇಲ್ಲೊಂದು ಎಚ್ಚರಿಕೆ, ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾಯಿಸಿ ನೋಡೋಕೆ ಹೋಗ್ತೀರಲ್ಲ, ಅದು ಒಳ್ಳೆ ಟೆಸ್ಟೇ, ಆದ್ರೆ ತುಂಬಾ ಪ್ರಾಜೆಕ್ಟುಗಳಲ್ಲಿ ಕಂಪನಿಯ ಐಪಿಯಿಂದ ಬಂದೋರಿಗೆ ಮಾತ್ರ ಬಾಗಿಲು ತೆರೆಯೋ ಹಾಗೆ ಇಟ್ಟಿರ್ತಾರೆ. ಹಾಟ್‌ಸ್ಪಾಟಲ್ಲಿ ವಿಪಿಎನ್ ಇಲ್ದೇ ತೆರೆದ್ರೆ 403 ಬರತ್ತೆ, ಅದನ್ನ ನೋಡಿ "ಓ ಎರಡು ಥರ ಎರರ್" ಅಂತ ತಲೆ ಕೆಡಿಸ್ಕೊಳ್ಳೋದು, ಆ ಕಡೆ ಸೆಕ್ಯುರಿಟಿ ಟೀಮಿಗೂ ಅಲರ್ಟ್ ಹೋಗ್ಬಹುದು. ಹಾಟ್‌ಸ್ಪಾಟ್ ಹಾಕಿದ್ರೂ ವಿಪಿಎನ್ ಮೇಲೇ ತೆರೀರಿ. ಮತ್ತೆ ಹಿಸ್ಟರಿ, ಕ್ಯಾಶ್ ಎಲ್ಲಾ ಕ್ಲಿಯರ್ ಮಾಡೋದನ್ನ ಯಾರಾದ್ರೂ ಹೇಳೋವರೆಗೂ ಮಾಡ್ಬೇಡಿ, ಹಿಂದಿನ ದಿನ ಅರ್ಧಕ್ಕೆ ನಿಲ್ಲಿಸಿದ ಟಾಸ್ಕಿನ ಡ್ರಾಫ್ಟ್ ಕೆಲವು ಪ್ಲಾಟ್‌ಫಾರ್ಮುಗಳಲ್ಲಿ ಬ್ರೌಸರಲ್ಲೇ ಇರತ್ತೆ, ಅದೂ ಹೋಗ್ಬಿಡತ್ತೆ. ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಹೊಡೆದು ಅಕೌಂಟ್ ಲಾಕ್ ಮಾಡ್ಕೊಂಡ್ರೆ ಪ್ಲಾಟ್‌ಫಾರ್ಮ್ ವಾಪಸ್ ಬಂದ್ಮೇಲೂ ನೀವು ಹೊರಗೇ ಇರ್ತೀರ, ಆ ಟೈಮ್ ಮಾತ್ರ ಖಂಡಿತ ನಿಮ್ಮ ತಲೆಗೇ ಬರತ್ತೆ.

ಒಂದು ಬೆಳಗ್ಗೆ ಪೂರ್ತಿ ಹೇಗೆ ಹೋಗ್ಬೇಕು ಅಂತ ನೋಡೋಣ. 6:01ಕ್ಕೆ 502, 6:04ಕ್ಕೆ ಮೇಲಿನ ಮೆಸೇಜ್ ಹೋಯ್ತು. ನೆಟ್ ಸರಿ ಇದೆ, ಇನ್‌ಕಾಗ್ನಿಟೋದಲ್ಲೂ ಅದೇ, ವಿಪಿಎನ್ ಮತ್ತೆ ಕನೆಕ್ಟ್ ಮಾಡಿದ್ರೂ ಅದೇ, ಹಾಸನದಲ್ಲಿರೋ ಟೀಮ್‌ಮೇಟಿಗೆ ಕೇಳಿದ್ರೆ ಅವರಿಗೂ ಅದೇ. 6:09ಕ್ಕೆ ಅದೇ ಥ್ರೆಡ್ಡಲ್ಲಿ ಎರಡನೇದು:

"ಮೇಡಂ, ಅಪ್‌ಡೇಟ್ 6:09 ಐಎಸ್‌ಟಿ. ನನ್ನ ನೆಟ್ ಸರಿ ಇದೆ, ಬೇರೆ ಸೈಟ್ ಬರ್ತಿದೆ. ವಿಪಿಎನ್ ಕನೆಕ್ಟೆಡ್, ಒಂದ್ಸಲ ರೀಕನೆಕ್ಟ್ ಮಾಡಿದೀನಿ. ಕ್ರೋಮ್ ಮತ್ತೆ ಇನ್‌ಕಾಗ್ನಿಟೋ ಎರಡರಲ್ಲೂ ಅದೇ `502 Bad Gateway`. ಹಾಸನದಲ್ಲಿರೋ ಟೀಮ್‌ಮೇಟಿಗೂ 6ರಿಂದ ಇದೇ ಬರ್ತಿದೆ. ಸ್ಕ್ರೀನ್‌ಶಾಟ್ ಹಾಕಿದೀನಿ. ನಮ್ಮ ಕಡೆಯಿಂದ ಇನ್ನೇನಾದ್ರೂ ಬೇಕಾ? 6:30ಕ್ಕೆ ಮತ್ತೆ ಟ್ರೈ ಮಾಡಿ ಹೇಳ್ತೀನಿ."

ಈ ಮೆಸೇಜನ್ನ ಟಿಎಲ್ ಏನೂ ಬದಲಾಯಿಸ್ದೇ ಕ್ಲೈಂಟ್ ಚಾನಲ್ಲಿಗೆ ಎತ್ತಿ ಹಾಕ್ಬಹುದು, ಅಷ್ಟು ಇದ್ರೆ ಸಾಕು. ಮೇಡಂ ಕನ್ನಡದೋರೇ ಆಗಿದ್ರೆ ಕನ್ನಡದಲ್ಲೇ ಟೈಪ್ ಮಾಡಿ ಪರ್ವಾಗಿಲ್ಲ, ಎರರ್ ಸಾಲನ್ನ ಮಾತ್ರ ಸ್ಕ್ರೀನಲ್ಲಿ ಇರೋ ಹಾಗೇ ಕಾಪಿ ಮಾಡಿ, ನಿಮ್ಮ ಮಾತಲ್ಲಿ ಬದಲಾಯಿಸ್ಬೇಡಿ, "ಏನೋ ಗೇಟ್‌ವೇ ಅಂತ ಬಂತು" ಅಂದ್ರೆ 502ನಾ 504ನಾ ಗೊತ್ತಾಗಲ್ಲ, ಎರಡಕ್ಕೂ ಅವರು ಹುಡುಕೋ ಜಾಗ ಬೇರೆ. 502 ಅಂದ್ರೆ ಹಿಂದಿನ ಸರ್ವರ್ ತಪ್ಪು ಉತ್ತರ ಕೊಟ್ಟಿದೆ, 504 ಅಂದ್ರೆ ಉತ್ತರಾನೇ ಟೈಮಿಗೆ ಬಂದಿಲ್ಲ.

ಆಮೇಲೆ ಐದೈದು ನಿಮಿಷಕ್ಕೂ "ಇನ್ನೂ ಇಲ್ಲ ಮೇಡಂ" ಅಂತ ಹಾಕೋದು ಬೇಡ, ನೀವೇ ಹೇಳಿದ 6:30ಕ್ಕೆ ಒಂದು ಸಾಲು ಸಾಕು. ಹೇಳಿದ ಟೈಮಿಗೆ ಆ ಸಾಲು ಬಂದ್ರೆ ನೀವು ಸಿಸ್ಟಮ್ ಬಿಟ್ಟು ಹೋಗಿಲ್ಲ ಅನ್ನೋದೂ ಅದ್ರಲ್ಲೇ ದಾಖಲಾಯ್ತು.

ಸ್ಕ್ರೀನ್‌ಶಾಟ್ ಬಗ್ಗೆ ಸ್ವಲ್ಪ ಹೇಳ್ಬೇಕು. `Win + Shift + S` ಒತ್ತಿ ತೆಗೀರಿ, ಮೇಲಿರೋ ಅಡ್ರೆಸ್ ಬಾರೂ ಕೆಳಗಿರೋ ಗಡಿಯಾರಾನೂ ಅದ್ರಲ್ಲಿ ಬರ್ಲಿ, ಮಧ್ಯದ ಎರರ್ ಒಂದನ್ನೇ ಕತ್ತರಿಸಿ ಹಾಕಿದ್ರೆ ಅದು ಯಾವ ಸೈಟು, ಯಾವತ್ತಿಂದು ಅಂತ ಯಾರಿಗೂ ಗೊತ್ತಾಗಲ್ಲ. ಪೇಜ್ ಪೂರ್ತಿ ಬಿದ್ದಿದ್ರೆ ಏನೂ ಭಯ ಇಲ್ಲ, ಆದ್ರೆ ಅರ್ಧ ಲೋಡ್ ಆಗಿ ಟಾಸ್ಕಿನ ಫೋಟೋ, ಆಡಿಯೋ ಹೆಸರು, ಯಾರದ್ದೋ ಚಾಟ್ ಕಾಣಿಸ್ತಿದ್ರೆ ಅದು ಕ್ಲೈಂಟ್ ಡೇಟಾ, ಆ ಭಾಗ ಬಿಟ್ಟು ತೆಗೀರಿ. ಮತ್ತೆ ಇದು ಕಂಪನಿಯ ಟೀಮ್ಸಲ್ಲೋ ಸ್ಲ್ಯಾಕಲ್ಲೋ ಮಾತ್ರ ಹೋಗ್ಲಿ, ಪರ್ಸನಲ್ ವಾಟ್ಸಾಪ್ ಗ್ರೂಪಿಗೆ ಬೇಡ. ಆಫೀಸ್ ಫ್ಲೋರಲ್ಲಿ ಕೂತು ಕೆಲಸ ಮಾಡೋ ದಿನಾನೂ ಬರ್ಬಹುದು, ಫೋನ್ ಒಳಗೆ ಬಿಡದ ಫ್ಲೋರಲ್ಲಿ ಸ್ಕ್ರೀನಿನ ಫೋಟೋ ತೆಗೆಯೋಕೆ ಹೋದ್ರೆ ಡೌನ್‌ಟೈಮ್ ವಿಷಯ ಮರೆತು ನಿಮ್ಮ ಮೇಲೇ ವಿಚಾರಣೆ ಶುರುವಾಗತ್ತೆ.

ಕೆಲವು ಸಲ ಪ್ಲಾಟ್‌ಫಾರ್ಮಿನ ಜೊತೆ ಚಾಟೂ ಹೋಗಿರತ್ತೆ, ಎರಡಕ್ಕೂ ಲಾಗಿನ್ ಒಂದೇ ಆಗಿದ್ರೆ ಹೀಗಾಗತ್ತೆ. 2024ರ ಜುಲೈ 19, ಶುಕ್ರವಾರ ಬೆಳಿಗ್ಗೆ ನಮ್ಮ ಟೈಮಲ್ಲಿ 9:40ರ ಹೊತ್ತಿಗೆ ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರಿನ ಒಂದು ಕೆಟ್ಟ ಅಪ್‌ಡೇಟ್ ಬಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಸಿಸ್ಟಮ್ಮುಗಳು ನೀಲಿ ಸ್ಕ್ರೀನಲ್ಲಿ ನಿಂತ್ವಲ್ಲ, ಅವತ್ತು ಲ್ಯಾಪ್‌ಟಾಪೇ ಏಳದೋರು ಯಾವ ಚಾಟಲ್ಲಿ ಹೇಳ್ಬೇಕಿತ್ತು? ಅದಕ್ಕೇ ಟಿಎಲ್ ನಂಬರು, ಅವರಿಲ್ದಿದ್ರೆ ಇನ್ನೊಬ್ಬರ ನಂಬರು, ಐಟಿ ಹೆಲ್ಪ್‌ಡೆಸ್ಕ್ ನಂಬರು ಫೋನಲ್ಲಿ ಸೇವ್ ಆಗಿರ್ಲಿ. ಅಂಥ ಹೊತ್ತಲ್ಲಿ ಎಸ್ಸೆಮ್ಮೆಸ್ಸು ಸಾಕು, ಡೇಟಾ ಏನೂ ಹಾಕ್ದೇ "ಮೇಡಂ, 9:45 ಐಎಸ್‌ಟಿ, ಲ್ಯಾಪ್‌ಟಾಪ್ ನೀಲಿ ಸ್ಕ್ರೀನಲ್ಲಿ ನಿಂತಿದೆ, ಚಾಟೂ ಇಲ್ಲ, ಫೋನಲ್ಲಿ ಸಿಗ್ತೀನಿ" ಅಂತ. ಎಸ್ಸೆಮ್ಮೆಸ್ಸಲ್ಲೂ ಟೈಮ್ ದಾಖಲಾಗಿರತ್ತೆ. ಬರೀ ಫೋನ್ ಮಾಡಿ ಹೇಳಿದ್ರೆ ಚಾಟ್ ವಾಪಸ್ ಬಂದ್ಮೇಲೆ "9:45ಕ್ಕೆ ಫೋನಲ್ಲಿ ಹೇಳಿದ ಹಾಗೆ" ಅಂತ ಒಂದು ಸಾಲು ಬರೆದಿಡಿ.

ಡೌನ್ ಅಲ್ದೇ ಇರೋ ಒಂದು ಸಂಗತೀನ ಜನ ಡೌನ್ ಅಂತ ಹೇಳ್ತಾರೆ, ಅದನ್ನ ಬೇರೆ ಮಾಡ್ಕೊಳ್ಳಿ. ಲಾಗಿನ್ ಆಗತ್ತೆ, ಡ್ಯಾಶ್‌ಬೋರ್ಡ್ ಬರತ್ತೆ, ಆದ್ರೆ `No tasks available` ಅಂತ ಇರತ್ತೆ. ಇದು ಕೆಟ್ಟಿರೋದಲ್ಲ, ಕ್ಯೂ ಖಾಲಿ. ಇಂಜಿನಿಯರಿಗೆ ಹೇಳಿದ್ರೆ ಪ್ರಯೋಜನ ಇಲ್ಲ, ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ ಹಾಕ್ಬೇಕು, ಇಲ್ಲಾ ನಿಮ್ಮ ಅಕೌಂಟನ್ನ ಸರಿಯಾದ ಕ್ಯೂಗೆ ಸೇರಿಸ್ಬೇಕು. ಪಕ್ಕದೋರಿಗೆ ಟಾಸ್ಕ್ ಬರ್ತಿದ್ದು ನಿಮಗೆ ಮಾತ್ರ ಬರ್ತಿಲ್ಲ ಅಂದ್ರೆ ಎರಡನೇದೇ. ಅವರ್ಸ್ ಶೀಟಲ್ಲೂ ಡೌನ್‌ಟೈಮಿಗೂ ಕ್ಯೂ ಖಾಲಿ ಇರೋದಕ್ಕೂ ಬೇರೆ ಬೇರೆ ಕೋಡ್ ಇರೋದು ಮಾಮೂಲಿ, ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗತ್ತೆ, ನಿಮ್ಮಲ್ಲಿ ಏನಂತಾರೆ ಅಂತ ಮೇಡಂನ ಯಾವತ್ತಾದ್ರೂ ಬಿಡುವಿದ್ದಾಗ ಕೇಳಿಟ್ಕೊಳ್ಳಿ. ಮೆಸೇಜಲ್ಲಿ "ಲಾಗಿನ್ ಆಗಿದೀನಿ, 6:02ರಿಂದ ಕ್ಯೂನಲ್ಲಿ ಟಾಸ್ಕ್ ಇಲ್ಲ" ಅಂತ ಬರೆದ್ರೆ ಸರಿಯಾದ ಕೋಡೇ ಬೀಳತ್ತೆ.

ಮೊದಲನೇ ಮೆಸೇಜ್ ಚೆನ್ನಾಗಿ ಹಾಕೋರೂ ವಾಪಸ್ ಬಂದಾಗ ಏನೂ ಹೇಳ್ದೇ ಕೆಲಸ ಶುರು ಮಾಡ್ಬಿಡ್ತಾರೆ. ಆಗ ಡೌನ್‌ಟೈಮಿಗೆ ಶುರು ಇದೆ, ಕೊನೆ ಇಲ್ಲ. ಕ್ಲೈಂಟಿನೋರು "ನಮ್ಮ ಕಡೆ 6:55ಕ್ಕೇ ಸರಿ ಹೋಯ್ತು" ಅಂತಾರೆ, ಅವರ ಸರ್ವರ್ 6:55ಕ್ಕೆ ಎದ್ದಿರಬಹುದು, ಆದ್ರೆ ನಿಮ್ಮ ಕೈಗೆ ಟಾಸ್ಕ್ ಬಂದಿದ್ದು 7:12ಕ್ಕೆ. ಮಧ್ಯದ 17 ನಿಮಿಷ ಯಾರ ಲೆಕ್ಕ? ಅದಕ್ಕೆ ಮೂರನೇ ಮೆಸೇಜ್:

"ಮೇಡಂ, ಪ್ಲಾಟ್‌ಫಾರ್ಮ್ ವಾಪಸ್ ಬಂದಿದೆ. 6:58ಕ್ಕೆ ಲಾಗಿನ್ ಪೇಜ್ ಬಂತು ಆದ್ರೆ ಟಾಸ್ಕ್ ಲೋಡ್ ಆಗ್ತಿರ್ಲಿಲ್ಲ, 7:12ಕ್ಕೆ ಮೊದಲನೇ ಟಾಸ್ಕ್ ಬಂತು, 7:19ಕ್ಕೆ ಅದು ಸರಿಯಾಗಿ ಸಬ್ಮಿಟ್ ಆಯ್ತು. ನನ್ನ ಶಿಫ್ಟಲ್ಲಿ ಕೆಲಸ ಮಾಡೋಕಾಗ್ದೇ ಇದ್ದಿದ್ದು 6:00ರಿಂದ 7:12, ಒಟ್ಟು 72 ನಿಮಿಷ. ಇದನ್ನ ಇವತ್ತಿನ ಅವರ್ಸ್ ಶೀಟಲ್ಲಿ ಡೌನ್‌ಟೈಮ್ ಅಂತ ಹಾಕ್ಲಾ?"

ಕೊನೇ ಪ್ರಶ್ನೆ ಮುಖ್ಯ. ಅದಕ್ಕೆ ಮೇಡಂ "ಹಾಕಿ" ಅಂದ್ರೆ ಅದೇ ಅಪ್ರೂವಲ್, ತಿಂಗಳ ಕೊನೆಗೆ ಯಾರಾದ್ರೂ ಕೇಳಿದ್ರೆ ಆ ಥ್ರೆಡ್ ತೋರಿಸಿದ್ರೆ ಆಯ್ತು. ಲೆಕ್ಕಾನ ಶಿಫ್ಟ್ ಶುರುವಿಂದ್ಲೇ ಹಿಡೀಬಹುದು, ಯಾಕಂದ್ರೆ 6:01ಕ್ಕೇ ಓಪನ್ ಮಾಡಿದ್ರಿ ಅಂತ 6:04ರ ಮೆಸೇಜಲ್ಲಿದೆ, ಜೊತೆಗೆ ಟೀಮ್‌ಮೇಟೂ 6ರಿಂದ ಅಂತ ಹೇಳಿದ್ದಾರೆ. ಸಬ್ಮಿಟ್ ಟೈಮ್ ಯಾಕೆ ಬೇರೆ ಬರೆದಿದ್ದು ಅಂದ್ರೆ, ಸರ್ವರ್ ಎದ್ದ ಹೊಸದ್ರಲ್ಲಿ ಟಾಸ್ಕ್ ಕೊಡತ್ತೆ ಆದ್ರೆ ಸಬ್ಮಿಟ್ ಒತ್ತಿದ್ರೆ ಸುಮ್ನೆ ಸುತ್ತುತ್ತಾ ಇರತ್ತೆ. ಆಗ ಮೂರ್ನಾಲ್ಕು ಸಲ ಒತ್ತಿದ್ರೆ ಒಂದೇ ಟಾಸ್ಕ್ ಎರಡೆರಡು ಸಲ ಹೋಗಿ ಕ್ವಾಲಿಟಿ ರಿವ್ಯೂನಲ್ಲಿ ನಿಮ್ಮ ಹೆಸರಿಗೇ ಎರರ್ ಬೀಳಬಹುದು. ಒಂದ್ಸಲ ಒತ್ತಿ, ಆಗ್ಲಿಲ್ಲ ಅಂದ್ರೆ ಟಾಸ್ಕ್ ಐಡಿ ಬರೆದಿಟ್ಕೊಂಡು ಥ್ರೆಡ್ಡಲ್ಲಿ ಹಾಕಿ, ಸಬ್ಮಿಟೆಡ್ ಲಿಸ್ಟಲ್ಲಿ ಅದು ಬಂದಿದ್ಯಾ ಅಂತ ನೋಡಿ ಆಮೇಲೆ ಮುಂದಿನದಕ್ಕೆ ಹೋಗಿ. ಟಾಸ್ಕಿಗೆ ಟೈಮರ್ ಇರೋ ಪ್ರಾಜೆಕ್ಟಾದ್ರೆ ಇದು ಇನ್ನೂ ಮುಖ್ಯ, ಏಳು ನಿಮಿಷ ಸಬ್ಮಿಟ್ ಆಗ್ದೇ ಕೂತಿದ್ದು ನಿಮ್ಮ ಆವರೇಜ್ ಹ್ಯಾಂಡಲಿಂಗ್ ಟೈಮಿಗೆ ಸೇರ್ಕೊಳ್ಳತ್ತೆ, ಐಡಿ ಕೊಟ್ಟಿದ್ರೆ ಅದನ್ನ ತೆಗೆಸೋಕೆ ದಾರಿ ಇರತ್ತೆ.

ಇದೆಲ್ಲಾ ಸಂಬಳದ ಮೇಲೆ, ಗಂಟೆ ಲೆಕ್ಕದಲ್ಲಿ ಇರೋರಿಗೆ. ಟಾಸ್ಕಿಗಿಷ್ಟು ಅಂತ ಮಾಡೋ ಫ್ರೀಲಾನ್ಸ್ ಕೆಲಸದಲ್ಲಿ ಡೌನ್‌ಟೈಮಿಗೆ ದುಡ್ಡು ಸಿಗೋದು ಅಪರೂಪ, ಅಲ್ಲಿ ಇದೇ ಮೆಸೇಜಿನ ಕೊನೇ ಸಾಲಲ್ಲಿ ಅವರ್ಸ್ ಬದ್ಲು ಡೆಡ್‌ಲೈನ್ ಕೇಳ್ಬೇಕು, "ಇವತ್ತಿನ ಬ್ಯಾಚಿಗೆ 72 ನಿಮಿಷ ಜಾಸ್ತಿ ಸಿಗತ್ತಾ" ಅಂತ.

ಇನ್ನು 7:30 ಆದ್ರೂ ಬರ್ಲಿಲ್ಲ, 8 ಆದ್ರೂ ಬರ್ಲಿಲ್ಲ ಅಂತಿಟ್ಕೊಳ್ಳಿ. ಸುಮ್ನೆ ಕಾಯ್ತಾ ಕೂರೋದು, ಇಲ್ಲಾ ನೀವೇ ಲಾಗೌಟ್ ಆಗಿ ತಿಂಡಿಗೆ ಹೋಗೋದು ಎರಡೂ ಬೇಡ. ಶಿಫ್ಟಿನ ಮಧ್ಯ ಏನು ಮಾಡ್ಬೇಕು ಅಂತ ತೀರ್ಮಾನ ಮಾಡೋದು ಟಿಎಲ್ ಕೆಲಸ, ನೀವು ಅವರ ಮುಂದೆ ಆಯ್ಕೆ ಇಟ್ಟು ಕೇಳಿ, ಅವರಿಗೂ ಬೇಗ ಉತ್ತರ ಹೇಳೋಕೆ ಆಗತ್ತೆ: "ಮೇಡಂ, 8:00 ಐಎಸ್‌ಟಿ, ಇನ್ನೂ ಅದೇ 502. ಪೆಂಡಿಂಗ್ ಇರೋ ಗೈಡ್‌ಲೈನ್ ಟ್ರೇನಿಂಗ್ ಈಗ ಮುಗಿಸ್ಲಾ, ಬೇರೆ ಪ್ರಾಜೆಕ್ಟಿಗೆ ಹಾಕ್ತೀರಾ, ಇಲ್ಲಾ ಬ್ರೇಕ್ ಈಗಲೇ ತಗೊಂಡು ಪ್ಲಾಟ್‌ಫಾರ್ಮ್ ಬಂದ್ಮೇಲೆ ಕಂಟಿನ್ಯೂ ಮಾಡ್ಲಾ? ನೀವು ಹೇಳೋವರೆಗೂ ಆನ್‌ಲೈನಲ್ಲೇ ಇರ್ತೀನಿ." ಬ್ರೇಕ್ ಅಂತ ಹೇಳಿದ್ರೆ ಆ ಅರ್ಧ ಗಂಟೇನ ಡೌನ್‌ಟೈಮ್ ಲೆಕ್ಕದಿಂದ ನೀವೇ ಕಳೆದು ಬರೀರಿ.